ನೂರಾ ಏಳಕ್ಕೆ ಕಾದವನು

ಕಾಲೇಜಿನ ಫೀಸು ಮೊದಲ ವರ್ಷಕ್ಕೆ ಹದಿನೆಂಟು ಸಾವಿರ ಡಾಲರ್. ಎರಡನೇ ವರ್ಷಕ್ಕೆ ಆರುನೂರು ಜಾಸ್ತಿ, ಏಕೆಂದರೆ ಅವರು ವರ್ಷವರ್ಷವೂ ಏರಿಸುತ್ತಾರೆ. ಕ್ಯಾಂಪಸ್ಸಿನೊಳಗಿನ ಒಂಟಿ ಕೋಣೆಗೆ ತಿಂಗಳಿಗೆ ಐನೂರ ಐವತ್ತು, ಎರಡು ವರ್ಷಕ್ಕೆ ಹದಿಮೂರು ಸಾವಿರದ ಇನ್ನೂರು. ಊಟ, ಬಸ್ಸು, ಫೋನು ಸೇರಿ ಎಂಟು ಸಾವಿರದ ನಾನೂರು. ಆರೋಗ್ಯ ವಿಮೆ ಕಡ್ಡಾಯ, ವರ್ಷಕ್ಕೆ ಸಾವಿರದ ಆರುನೂರು. ಅದನ್ನು ಕಟ್ಟದೆ ಬಾಗಿಲೊಳಗೇ ಬಿಡುವುದಿಲ್ಲ. ಪುಸ್ತಕ, ಚಳಿಗೆ ಒಂದು ಕೋಟು, ಇನ್ನೇನೋ ಸಣ್ಣಪುಟ್ಟದ್ದಕ್ಕೆ ಸಾವಿರದ ಇನ್ನೂರು. ಹೋಗುವ ವಿಮಾನ, ಓದು ಮುಗಿಸಿ ಬರುವ ವಿಮಾನ ಸೇರಿ ಸಾವಿರದ ಏಳುನೂರು. ವೀಸಾ, ಪರೀಕ್ಷೆ, ಕಾಗದಪತ್ರಕ್ಕೆ ಏಳುನೂರು. ಒಟ್ಟು ಅರವತ್ತೈದು ಸಾವಿರ ಡಾಲರ್. ಡಾಲರಿಗೆ ನೂರಾ ಹತ್ತರಂತೆ ಎಪ್ಪತ್ತೊಂದೂವರೆ ಲಕ್ಷ.

ಇತ್ತ ಕೈಯಲ್ಲಿದ್ದದ್ದು: ಬ್ಯಾಂಕು ಒಪ್ಪಿದ ಸಾಲ ನಲವತ್ತು ಲಕ್ಷ, ಠೇವಣಿ ಹದಿನಾರು ಲಕ್ಷ, ಗೋದಾಮಿನಲ್ಲಿರುವ ಏಳುನೂರು ಡಬ್ಬ ಎಣ್ಣೆ ಮಾರಿದರೆ ಹದಿನಾಲ್ಕು ಲಕ್ಷ. ಎಲ್ಲ ಗುಡಿಸಿ ಹಾಕಿದರೆ ಎಪ್ಪತ್ತು. ಒಂದೂವರೆ ಲಕ್ಷ ಕಡಿಮೆ.

ಈ ಒಂದೂವರೆ ಲಕ್ಷ ಎಣ್ಣೆಯಣ್ಣನ ಅಂಗಿಯೊಳಗೆ ಇರುವೆ ಬಿಟ್ಟಹಾಗೆ ಕಚ್ಚುತ್ತಿತ್ತು.

ಅವನನ್ನು ಪೇಟೆಯಲ್ಲಿ ಎಲ್ಲರೂ ಎಣ್ಣೆಯಣ್ಣ ಎಂದೇ ಕರೆಯುವುದು. ಕುಡಿಯುವ ಎಣ್ಣೆಯಲ್ಲ, ಕರಿಯುವ ಎಣ್ಣೆ. ಹೊರದೇಶದಿಂದ ಹಡಗಿನಲ್ಲಿ ಬಂದ ಎಣ್ಣೆಯನ್ನು ಡಬ್ಬಗಳಲ್ಲಿ ಸಗಟಾಗಿ ಕೊಂಡು ಬೇಕರಿ, ಹೋಟೆಲು, ಚಿಲ್ಲರೆ ಅಂಗಡಿಗಳಿಗೆ ಮಾರುವ ವ್ಯಾಪಾರ. ಇಪ್ಪತ್ತಾರು ವರ್ಷ ಅವನು ಬದುಕಿದ್ದು ಒಂದೇ ವಿದ್ಯೆಯಿಂದ: ಬೆಲೆ ಇಳಿಯುವ ತನಕ ಕಾಯುವುದು, ಆಗ ಕೊಳ್ಳುವುದು, ಏರುವ ತನಕ ಕಾಯುವುದು, ಆಗ ಮಾರುವುದು. ಆತುರ ಬಿದ್ದವರೆಲ್ಲ ಅಂಗಡಿ ಮುಚ್ಚಿಕೊಂಡು ಹೋಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಮಗಳು ಲ್ಯಾಪ್‌ಟಾಪ್ ತಿರುಗಿಸಿ ಲೆಕ್ಕ ತೋರಿಸಿದಾಗ ಅವನು ಒಂದೇ ಚೌಕದ ಮೇಲೆ ಬೆರಳಿಟ್ಟ. ಡಾಲರಿನ ರೇಟು ಬರೆದಿದ್ದ ಚೌಕ.

"ಇಲ್ಲಿ ನೂರಾ ಹತ್ತರ ಬದಲು ನೂರಾ ಏಳು ಹಾಕು ನೋಡೋಣ."

ಅವಳು ಹಾಕಿದಳು. ಒಟ್ಟು ಮೊತ್ತ ಸರ್ರನೆ ಕೆಳಗಿಳಿದು ಅರವತ್ತೊಂಬತ್ತು ಲಕ್ಷದ ಐವತ್ತೈದು ಸಾವಿರಕ್ಕೆ ನಿಂತಿತು.

"ಸಾಕಲ್ಲ," ಅಂದ ಅಪ್ಪ. "ಇನ್ನೂ ನಲವತ್ತೈದು ಸಾವಿರ ಉಳೀತು. ನೂರಾ ಏಳಕ್ಕೆ ಬರಲಿ, ಕಟ್ಟೋಣ."

"ಬರಲಿಲ್ಲ ಅಂದ್ರೆ?"

"ಏರಿದ್ದು ಇಳಿಯಲೇಬೇಕು ಕಣೆ ಬಟಾಣಿ. ನಾನು ನಿನ್ನೆ ಮೊನ್ನೆ ಪೇಟೆಗೆ ಬಂದವನಲ್ಲ."

ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳಿಗೆ ಬಟಾಣಿ ಎಂಬ ಹೆಸರು ಬಿದ್ದಿತ್ತು. ಈಗ ಅಪ್ಪನಿಗಿಂತ ಒಂದು ಗೇಣು ಎತ್ತರ. ಕಿವಿ ಸರಿಯಾಗಿ ಕೇಳದವರನ್ನು ಪರೀಕ್ಷಿಸಿ ಯಂತ್ರ ಹೊಂದಿಸಿಕೊಡುವ ವಿದ್ಯೆ ಅವಳದು. ಅದರಲ್ಲೇ ದೊಡ್ಡ ಡಿಗ್ರಿ ಮಾಡಲು ಹೊರದೇಶದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಮೊದಲ ಅರ್ಧ ವರ್ಷದ ಫೀಸು ಒಂಬತ್ತು ಸಾವಿರ ಮತ್ತು ವಿಮೆಯ ಸಾವಿರದ ಆರುನೂರು, ಒಟ್ಟು ಹತ್ತು ಸಾವಿರದ ಆರುನೂರು ಡಾಲರ್ ಅವರ ಖಾತೆಗೆ ತಲುಪಬೇಕು. ತಲುಪದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ.

"ಅಪ್ಪ, ಫೀಸು ಕಟ್ಟಿದ ಮೇಲೇ ಅವರು ನಂಬರ್ ಕೊಡೋದು," ಅಂದಳು ಬಟಾಣಿ. "ಆ ನಂಬರ್ ಇದ್ರೇ ಕ್ಯಾಂಪಸ್ ಕೋಣೆಗೆ ಅರ್ಜಿ ಹಾಕೋಕೆ ಆಗೋದು. ಕೋಣೆ ಮೊದಲು ಬಂದವರಿಗೆ ಮೊದಲು."

"ಕೋಣೆ ಎಲ್ಲಿಗೆ ಓಡಿ ಹೋಗುತ್ತೆ? ಕಲ್ಲುಮಣ್ಣಲ್ಲಿ ಕಟ್ಟಿರ್ತಾರೆ."

ಅಡುಗೆಮನೆಯಿಂದ ಹೆಂಡತಿ ನಕ್ಕ ಸದ್ದು ಕೇಳಿಸಿತು. ಅವಳು ಒಂದು ಶಾಲೆಯ ಕಚೇರಿಯಲ್ಲಿ ಫೀಸು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರುವವಳು. "ಕೊನೇ ದಿನ ಕಿಟಕಿ ಮುಚ್ಚೋ ಹೊತ್ತಿಗೆ ಓಡಿ ಬರ್ತಾರಲ್ಲ ಅಪ್ಪಂದಿರು, ಅವರಲ್ಲೊಬ್ಬರು ನಮ್ಮನೇಲೇ ಇದ್ದಾರೆ ಅಂತ ಗೊತ್ತಿರಲಿಲ್ಲ," ಅಂದಳು.

ಮರುದಿನ ಅವನು ಬ್ಯಾಂಕಿಗೆ ಹೋದ. ಸಾಲ ನೋಡಿಕೊಳ್ಳುತ್ತಿದ್ದ ಮೇಡಂ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡೇ ಇಡೀ ದಿನ ಕಳೆಯುವವರು. ಕಾಗದ ಓದುವಾಗ ಮಾತ್ರ ಅದನ್ನು ಮೇಜಿನ ಮೇಲೆಲ್ಲ ಹುಡುಕುವವರು. ಎಣ್ಣೆಯಣ್ಣ ಫೋನು ತೋರಿಸಿ, ಇವತ್ತು ನೂರಾ ಹತ್ತು ಇದೆಯಲ್ಲ ಎಂದ.

"ಫೋನಲ್ಲಿರೋದು ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಟ್ಟು ತಗೊಳೋ ರೇಟು. ನಿಮಗೆ ಮಾರೋ ರೇಟು ನೂರಾ ಹನ್ನೊಂದೂವರೆ," ಅಂದರು ಮೇಡಂ.

"ಒಂದೂವರೆ ಮೇಲಿಟ್ಟಿದ್ದೀರಾ?"

"ನೀವು ಡಬ್ಬ ಕೊಂಡ ಬೆಲೆಗೇ ಮಾರ್ತೀರಾ?"

ಅವನ ತಲೆಯೊಳಗೆ ಲೆಕ್ಕ ಓಡಿತು. ನೂರಾ ಹನ್ನೊಂದೂವರೆಯಂತೆ ಒಟ್ಟು ಎಪ್ಪತ್ತೆರಡು ಲಕ್ಷ ನಲವತ್ತೇಳು ಸಾವಿರದ ಐನೂರು. ಒಂದೂವರೆ ಲಕ್ಷದ ಇರುವೆ ಎರಡೂವರೆ ಲಕ್ಷದ ಚೇಳಾಯಿತು.

"ನೋಡಿ," ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಸಾಲ ಮಂಜೂರಾಗಿರೋದು ನಮ್ಮ ದುಡ್ಡಲ್ಲಿ. ನಲವತ್ತು ಲಕ್ಷ ಅಂದ್ರೆ ನಲವತ್ತೇ. ಡಾಲರ್ ಏರಿದ್ರೆ ಸಾಲ ತಾನಾಗಿ ಏರಲ್ಲ, ಅದರಲ್ಲಿ ಬರೋ ಡಾಲರ್ ಕಡಿಮೆ ಆಗುತ್ತೆ. ಇನ್ನೊಂದು, ಮೊದಲ ಕಂತು ನಿಮ್ಮ ಪಾಲಿಂದ ಹೋಗಬೇಕು, ಆಮೇಲೆ ನಮ್ಮದು. ಒಂದೊಂದು ಕಂತಿಗೂ ನಾವೇ ನೇರವಾಗಿ ಕಾಲೇಜಿಗೆ ಕಳಿಸ್ತೀವಿ, ಆ ದಿನದ ರೇಟಲ್ಲಿ."

"ಅಂದ್ರೆ ಎಲ್ಲಾನೂ ಇವತ್ತೇ ಕೊಳ್ಳೋದಲ್ಲ."

"ಅದನ್ನೇ ಹೇಳ್ತಿರೋದು. ಈಗ ನೀವು ಕೊಳ್ಳೋದು ಆರರಲ್ಲಿ ಒಂದು ಪಾಲು ಡಾಲರ್. ಮಿಕ್ಕ ಐದು ಪಾಲು ಎರಡು ವರ್ಷದುದ್ದಕ್ಕೂ ಯಾವ ರೇಟಿದ್ರೆ ಆ ರೇಟಿಗೆ. ಈ ತಿಂಗಳು ನೂರಾ ಏಳಾಯ್ತು ಅಂತ ಎರಡು ವರ್ಷದ ಲೆಕ್ಕ ನೂರಾ ಏಳಾಗಲ್ಲ. ನನ್ನ ಕೇಳಿದ್ರೆ ಈಗಿರೋದಕ್ಕಿಂತ ಮೇಲಿನ ರೇಟು ಇಟ್ಕೊಂಡು ಲೆಕ್ಕ ಹಾಕಿ."

"ಮಗಳು ಅಲ್ಲಿ ಸಣ್ಣ ಕೆಲಸ ಮಾಡಬಹುದಂತಲ್ಲ, ಅದು ಸೇರಿಸಿಕೊಂಡ್ರೆ?"

"ಸಿಕ್ಕ ಮೇಲೆ ಸೇರಿಸ್ಕೊಳ್ಳಿ. ಸಿಗೋ ಮೊದಲು ಲೆಕ್ಕಕ್ಕೆ ಹಿಡೀಬೇಡಿ."

ಇಷ್ಟೆಲ್ಲ ತಲೆಯಾಡಿಸಿ ಕೇಳಿಸಿಕೊಂಡ ಎಣ್ಣೆಯಣ್ಣ ಬ್ಯಾಂಕಿನ ಮೆಟ್ಟಿಲಿಳಿದ ಕೂಡಲೇ ಮತ್ತೆ ಫೋನು ತೆಗೆದು ನೋಡಿದ. ನೂರಾ ಒಂಬತ್ತು ಪಾಯಿಂಟ್ ಎಂಟು. ಇಳಿಯುತ್ತಿದೆ, ಅಂದುಕೊಂಡ. ಮೇಡಂ ಹೇಳಿದ್ದೆಲ್ಲ ಆ ಒಂದು ಅಂಕಿಯ ಕೆಳಗೆ ಮುಚ್ಚಿಹೋಯಿತು.

ಅಲ್ಲಿಂದ ಶುರುವಾಯಿತು ಮನೆಯವರಿಗೆ ವನವಾಸ. ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಡಾಲರ್. ಹಲ್ಲುಜ್ಜುತ್ತಾ ಡಾಲರ್. ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುತ್ತಿದ್ದವನ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿನ ಫೋನಿಗೆ ಜಾರುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಎದ್ದು ಹೋಗಿ ಕಿಟಕಿಯ ಬಳಿ ನಿಲ್ಲುವನು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು. ನೂರಾ ಒಂಬತ್ತು ಪಾಯಿಂಟ್ ಎರಡು ಆದ ದಿನ ಮನೆಗೆ ಐಸ್‌ಕ್ರೀಂ ತಂದ. ಎರಡು ದಿನಕ್ಕೆ ನೂರಾ ಹನ್ನೊಂದಾದಾಗ ಯಾರು ಏನು ಕೇಳಿದರೂ ಹೂಂ ಎನ್ನದೆ ಮೊಣಕಾಲು ಅಲ್ಲಾಡಿಸುತ್ತಾ ಕೂತ.

"ಅಪ್ಪನಿಗೇ ಮೊದಲು ಕಿವಿ ಪರೀಕ್ಷೆ ಮಾಡಬೇಕು," ಅಂದಳು ಬಟಾಣಿ. "ಮೂರು ಸಲ ಕೂಗಿದೆ."

"ಅವರ ಕಿವಿ ಚೆನ್ನಾಗಿದೆ ಕಣೆ," ಅಂದಳು ಅಮ್ಮ. "ಡಾಲರ್ ಅಂತ ಪಿಸುಗುಟ್ಟು, ಎದ್ದು ಬರ್ತಾರೆ."

ಅವನು ನಗಲಿಲ್ಲ. ಅವನಿಗೆ ಅವರಿಬ್ಬರ ಮೇಲೂ ಸಿಟ್ಟಿತ್ತು. ತಾನು ಯಾರಿಗಾಗಿ ಈ ಪಾಡು ಪಡುತ್ತಿದ್ದೇನೆ ಎಂಬುದು ಇವರಿಗೆ ಅರ್ಥವಾಗುತ್ತಿಲ್ಲ. ಮೂರು ರೂಪಾಯಿ ಇಳಿದರೆ ಎರಡು ಲಕ್ಷ ಉಳಿಯುತ್ತದೆ. ಎರಡು ಲಕ್ಷವೆಂದರೆ ಮಗಳು ಅಲ್ಲಿ ಯಾರ ಮುಂದೂ ಕೈಚಾಚದೆ ಉಣ್ಣುವ ಎಷ್ಟೋ ತಿಂಗಳು.

ಹೆಂಡತಿಯ ತಮ್ಮ ವಿಮಾನದ ಟಿಕೆಟು ಮಾಡಿಸುವ ಕಚೇರಿಯಲ್ಲಿದ್ದ. ಗಾಜಿನ ಬಾಗಿಲು, ಎರಡು ಕಂಪ್ಯೂಟರು, ಗೋಡೆಯ ಮೇಲೆ ಮಂಜಿನ ಬೆಟ್ಟದ ಚಿತ್ರ. ಒಂದು ಮಧ್ಯಾಹ್ನ ಅವನೇ ಫೋನು ಮಾಡಿ ಕರೆಸಿಕೊಂಡ.

"ಭಾವ, ಇಲ್ಲಿ ನೋಡಿ," ಎಂದು ಪರದೆ ತಿರುಗಿಸಿದ. "ಬಟಾಣಿ ಹೋಗೋ ವಾರ. ಹೋದ ತಿಂಗಳು ಎಂಟುನೂರ ಐವತ್ತು ಡಾಲರ್ ಅಂದಿದ್ದೆ. ಈಗ ಒಂಬೈನೂರ ಎಪ್ಪತ್ತು. ಕಾಲೇಜು ಶುರುವಾಗೋ ಹೊತ್ತು, ಎಲ್ಲಾ ಮಕ್ಕಳೂ ಅದೇ ವಾರ ಹಾರ್ತಾರೆ. ಕಡಿಮೆ ಬೆಲೆ ಸೀಟು ಮೊದಲು ಖಾಲಿ ಆಗುತ್ತೆ."

"ಹಾಗಾದ್ರೆ ಇವತ್ತೇ ಮಾಡಿಬಿಡು ಮಾರಾಯ."

"ವೀಸಾ ಎಲ್ಲಿ? ವೀಸಾ ಬರದೆ ಟಿಕೆಟ್ ಮಾಡಿ, ತಡ ಆಯ್ತು ಅಂದ್ರೆ ವಾಪಸ್ ಬರೋದು ತೆರಿಗೆ ದುಡ್ಡು ಅಷ್ಟೇ."

"ವೀಸಾಕ್ಕೆ ಹಾಕೋಣ."

"ಹಾಕೋಕೆ ಕಾಲೇಜಿನ ಪತ್ರ ಬೇಕು. ಪತ್ರ ಬರೋಕೆ ಫೀಸು ಕಟ್ಟಬೇಕು." ಅವನು ಕೈಚೆಲ್ಲಿದ. "ಎಲ್ಲದರ ಮೂಗುದಾರ ನಿಮ್ಮ ಕೈಯಲ್ಲೇ ಇದೆ ಭಾವ. ನೀವು ಹಿಡ್ಕೊಂಡು ನಿಂತಿದ್ದೀರಿ."

ಎಣ್ಣೆಯಣ್ಣ ಎದ್ದು ಗಾಜಿನ ಬಾಗಿಲ ತನಕ ಹೋಗಿ ಮತ್ತೆ ಬಂದು ಕೂತ. "ಇವತ್ತೆಷ್ಟಿದೆ ನೋಡಿದ್ಯಾ?" ಅಂದ.

"ಏನು?"

"ಡಾಲರು."

ಬಾಮೈದ ಅಕ್ಕನಿಗೆ ಫೋನು ಮಾಡಿ ಏನು ಹೇಳಿದನೋ ಗೊತ್ತಿಲ್ಲ. ಅಂದು ಸಂಜೆ ಅವಳು ಮಾತೇ ಆಡಲಿಲ್ಲ. ಬಡಿಸಿದಳು, ಎತ್ತಿಟ್ಟಳು. ಕೊನೆಗೆ ಅವನೇ ಕೆದಕಿದ.

"ಏನು, ಬಾಯಿಗೆ ಬೀಗವಾ?"

"ಏನಿಲ್ಲ ರೀ. ಒಂದು ಮಾತು ಕೇಳ್ಲಾ? ಎಣ್ಣೆ ಯಾಕೆ ಇನ್ನೂ ಮಾರಿಲ್ಲ?"

"ಡಬ್ಬ ಎರಡು ಸಾವಿರಕ್ಕೆ ನಿಂತಿದೆ. ಏರುತ್ತೆ. ಏರಿದ ಮೇಲೆ ಮಾರ್ತೀನಿ."

"ಡಾಲರ್ ಇಳೀಬೇಕು, ಎಣ್ಣೆ ಏರಬೇಕು."

"ಹೂಂ. ಎರಡೂ ಆದ್ರೆ ಲೆಕ್ಕ ಸಲೀಸು."

ಇನ್ನೇನೋ ಕೇಳಬೇಕೆಂದಿದ್ದವಳು ಕೇಳದೆ, "ಮಗು ಬೆಳಗ್ಗೆಯಿಂದ ಆ ಕೋಣೆ ಪಟ್ಟಿ ನೋಡ್ತಾನೇ ಇದೆ. ನಿಮ್ಮ ಫೋನಿನ ಹಾಗೇ ಅವಳಿಗೂ ಒಂದು ಪಟ್ಟಿ. ಅಪ್ಪ ಮಗಳು ಇಬ್ಬರೂ ಬೆರಳು ಸವೆಸ್ತಾ ಇದ್ದೀರಿ," ಎಂದು ಒಳಗೆ ಹೋದಳು.

ತಿಂಗಳ ಕೊನೆಯ ವಾರ. ಡಾಲರ್ ನೂರಾ ಹನ್ನೆರಡು ದಾಟಿ, ಒಂದು ದಿನ ಹಿಂದೆ ಸರಿದು, ಆಮೇಲೆ ಯಾರೋ ಹಿಂದಿನಿಂದ ದೂಡಿದ ಹಾಗೆ ನೂರಾ ಹದಿನಾಲ್ಕಕ್ಕೆ ಹೋಗಿ ಕೂತಿತು. ಎಣ್ಣೆಯಣ್ಣನಿಗೆ ಈಗ ಕಟ್ಟಲು ಮನಸ್ಸಿಲ್ಲ, ಕಟ್ಟದಿರಲು ಧೈರ್ಯವಿಲ್ಲ. ನೂರಾ ಹತ್ತಕ್ಕೆ ಬೇಡವೆಂದವನು ನೂರಾ ಹದಿನಾಲ್ಕಕ್ಕೆ ಕೊಂಡರೆ ತನ್ನ ಮುಖವನ್ನು ತಾನೇ ಹೇಗೆ ನೋಡಿಕೊಳ್ಳುವುದು. ನಾಳೆ ಇಳಿಯಬಹುದು. ನಾಡಿದ್ದು ಇನ್ನೂ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇತ್ತಿಂದತ್ತ ಅತ್ತಿಂದಿತ್ತ ನಡೆದಾಡುತ್ತಿದ್ದ.

ಆಗ ಬೇಕರಿಯಮ್ಮ ಬಂದರು. ನಾಲ್ಕು ಒಲೆಯ ಬೇಕರಿ ನಡೆಸುವ ಗಟ್ಟಿ ಹೆಂಗಸು. ಅವನಿಗೆ ಹಳೆಯ ಗಿರಾಕಿ. ತಿಂಗಳಿಗೆ ನಲವತ್ತು ಡಬ್ಬ ಒಯ್ಯುವವರು.

"ಎಷ್ಟು ಇವತ್ತು?"

"ಎರಡು ಸಾವಿರದ ಐವತ್ತೈದು."

"ಹೋದ ತಿಂಗಳು ಎರಡು ಸಾವಿರ ಅಂದ್ರಿ. ಡಬ್ಬದೊಳಗೆ ಏನು, ಚಿನ್ನ ಕರಗಿಸಿ ಹಾಕಿದ್ದೀರಾ?"

"ಡಾಲರ್ ಏರಿದೆ ಅಮ್ಮ," ಅಂದ ಎಣ್ಣೆಯಣ್ಣ. ಈ ಮಾತನ್ನು ಅವನು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದನೋ. "ಎಣ್ಣೆ ಹಡಗಲ್ಲಿ ಬರೋದು. ತರಿಸೋರು ಡಾಲರಲ್ಲೇ ದುಡ್ಡು ಕಟ್ಟಬೇಕು. ಡಾಲರ್ ಏರಿದ್ರೆ ಎಣ್ಣೆ ಏರುತ್ತೆ, ಇಳಿದ್ರೆ ಇಳಿಯುತ್ತೆ. ನನ್ನ ಕೈಲಿ ಏನಿದೆ?"

"ಹಾಗಾದ್ರೆ ಇಳಿಯೋ ತನಕ ಕಾಯ್ತೀನಿ."

"ಕಾಯಿರಿ. ನಿಮ್ಮ ಗಿರಾಕಿಗಳು ಕಾಯ್ತಾರಾ? ಬೆಳಗ್ಗೆ ಬನ್ನು ಸಿಗಲಿಲ್ಲ ಅಂದ್ರೆ ಪಕ್ಕದ ಬೇಕರಿಗೆ ಹೋಗ್ತಾರೆ. ಡಬ್ಬಕ್ಕೆ ಐವತ್ತೈದು ಉಳಿಸೋಕೆ ಹೋಗಿ ಅಂಗಡೀನೇ..."

ಅಲ್ಲಿಗೆ ಅವನ ಮಾತು ನಿಂತುಬಿಟ್ಟಿತು.

"ಅಂಗಡೀನೇ ಏನು?" ಅಂದರು ಬೇಕರಿಯಮ್ಮ.

ಅವನು ಬೆನ್ನ ಹಿಂದೆ ಗೋದಾಮಿನಲ್ಲಿ ಸೂರಿನ ತನಕ ಪೇರಿಸಿಟ್ಟಿದ್ದ ಡಬ್ಬಗಳ ಕಡೆ ತಿರುಗಿ ನೋಡಿದ. ಡಾಲರ್ ಏರಿದರೆ ಎಣ್ಣೆ ಏರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತವನಿಗೆ ಅದು ಉಸಿರಾಟದಷ್ಟು ಗೊತ್ತಿತ್ತು. ಆದರೆ ಮನೆಯ ಮೇಜಿನ ಮುಂದೆ ಕೂತ ಅಪ್ಪನಿಗೆ ಅದು ಒಂದು ದಿನವೂ ನೆನಪಾಗಲಿಲ್ಲ. ಡಾಲರ್ ಇಳಿಯಲಿ, ಎಣ್ಣೆ ಏರಲಿ ಎಂದು ಹಗಲಿಡೀ ಹಂಬಲಿಸಿದ್ದ. ಮಳೆ ಬರಲಿ, ಅಂಗಳ ಒಣಗಿರಲಿ ಎಂದ ಹಾಗೆ. ಅವನು ಬಯಸಿದಂತೆ ಡಾಲರ್ ನೂರಾ ಏಳಕ್ಕೆ ಇಳಿದಿದ್ದರೆ ಡಬ್ಬದ ಬೆಲೆಯೂ ಜಾರಿ ಹದಿನಾಲ್ಕು ಲಕ್ಷ ಹದಿನಾಲ್ಕಾಗಿ ಉಳಿಯುತ್ತಿರಲಿಲ್ಲ. ಈಗ ಡಾಲರ್ ಏರಿದೆ. ಕಟ್ಟಬೇಕಾದ ಕಂತು ಏರಿದಷ್ಟೇ ಹೆಚ್ಚುಕಡಿಮೆ ಗೋದಾಮೂ ಏರಿ ನಿಂತಿದೆ. ಈ ಕಂತಿಗೆ ಅವನು ಯಾವತ್ತು ಕಟ್ಟಿದ್ದರೂ ಒಂದೇ ಆಗುತ್ತಿತ್ತು. ಹಾಗಿದ್ದ ಮೇಲೆ ಇಷ್ಟು ದಿನ ಅವನು ಕಾದದ್ದು ಏನನ್ನು?

"ಎಣ್ಣೆಯಣ್ಣ, ಹುಷಾರಾಗಿದ್ದೀರಾ?"

"ನಲವತ್ತು ಡಬ್ಬ ಎತ್ತಿಸ್ಕೊಳ್ಳಿ," ಅಂದ. "ಎರಡು ಸಾವಿರದ ಐವತ್ತೈದೇ. ಐದು ಪೈಸೆ ಬಿಡಲ್ಲ. ನಾನು ಬ್ಯಾಂಕಿಗೆ ಹೋಗಬೇಕು."

ಬೇಕರಿಯಮ್ಮ ಜಗಳಕ್ಕೆ ಸೊಂಟ ಕಟ್ಟಿ ಬಂದವರು, ಎದುರಾಳಿಯೇ ಎದ್ದು ಓಡಿದ್ದನ್ನು ನೋಡಿ ಬೆಪ್ಪಾಗಿ ನಿಂತರು.

ಬ್ಯಾಂಕಿನ ಮೇಡಂ ಅವನನ್ನು ಕಂಡು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. "ಹಣ ಅಲ್ಲಿ ಮುಟ್ಟೋಕೆ ಎರಡು ಮೂರು ಕೆಲಸದ ದಿನ ಬೇಕು. ನಡುವೆ ಶನಿವಾರ ಭಾನುವಾರ ಇದೆ. ಇವತ್ತು ಬಂದ್ರಿ, ಬದುಕಿದ್ರಿ. ನಾಳೆ ಬಂದಿದ್ರೆ ಮುಟ್ಟುತ್ತೆ ಅಂತ ಹೇಳೋಕೆ ಆಗ್ತಿರಲಿಲ್ಲ."

ರೇಟು ನೂರಾ ಹದಿನೈದೂವರೆ. ಠೇವಣಿ ಮುರಿದ ದುಡ್ಡಿನಿಂದ ಹನ್ನೆರಡು ಲಕ್ಷ ಇಪ್ಪತ್ತನಾಲ್ಕು ಸಾವಿರದ ಮುನ್ನೂರು ಹೋಗಬೇಕು. ಅವನು ಪೆನ್ನು ತೆಗೆದುಕೊಂಡ.

"ದಾರಿಯಲ್ಲಿರೋ ಬ್ಯಾಂಕುಗಳ ಖರ್ಚು ಯಾರದ್ದು ಅಂತ ಇಲ್ಲಿ ಗುರುತು ಹಾಕಿ," ಎಂದರು ಮೇಡಂ. "ನಿಮ್ಮದು ಅಂತ ಹಾಕಿ. ಇಲ್ಲ ಅಂದ್ರೆ ಅವರು ದಾರಿಯಲ್ಲೇ ಇಪ್ಪತ್ತು ಮೂವತ್ತು ಡಾಲರ್ ಮುರ್ಕೊಳ್ತಾರೆ. ಕಾಲೇಜಿಗೆ ಕಮ್ಮಿ ತಲುಪುತ್ತೆ. ಕಮ್ಮಿ ತಲುಪಿದ್ರೆ ಫೀಸು ಕಟ್ಟಿದ ಹಾಗಲ್ಲ."

ಬೇರೆ ದಿನವಾಗಿದ್ದರೆ ಆ ಇಪ್ಪತ್ತು ಮೂವತ್ತಕ್ಕೆ ಅವನು ಒಂದು ಗಂಟೆ ವಾದ ಮಾಡುತ್ತಿದ್ದ. ಇವತ್ತು ಹೇಳಿದ ಕಡೆ ಗುರುತು ಹಾಕಿದ.

"ಎಣ್ಣೆ ಮಾರಿದ್ರಾ?" ಮೇಡಂ ಕೇಳಿದರು.

"ಇಲ್ಲ. ಮಾರಿದ್ದನ್ನ ಮತ್ತೆ ತುಂಬಿಸ್ತಾ ಇರ್ತೀನಿ. ಏಳುನೂರು ಡಬ್ಬ ಯಾವಾಗ್ಲೂ ಗೋದಾಮಲ್ಲಿ ಇರ್ಲಿ. ಕೊನೇ ಕಂತಿಗೆ ಅದು. ಆಗ ಡಾಲರ್ ಏರಿದ್ರೆ ಅದೂ ಏರಿರುತ್ತೆ."

ಮೇಡಂ ಕನ್ನಡಕ ಹುಡುಕುವುದನ್ನು ನಿಲ್ಲಿಸಿ ಅವನನ್ನು ನೋಡಿದರು. "ಒಳ್ಳೇ ಯೋಚನೆ. ಆದ್ರೆ ಅದು ಐದರಲ್ಲಿ ಒಂದು ಪಾಲಿಗೆ ಮಾತ್ರ ಕಾವಲು. ಮಿಕ್ಕ ನಾಲ್ಕು ಪಾಲಿಗೆ?"

ಅವನು ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಎದ್ದ.

ಹಣ ಕೊನೆಯ ದಿನಕ್ಕೆ ಮೊದಲೇ ಮುಟ್ಟಿತು. ಬಟಾಣಿಗೆ ನಂಬರ್ ಬಂತು. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡೇ ಅವಳು ಕೋಣೆಯ ಅರ್ಜಿ ತುಂಬಿ ಒತ್ತಿದಳು. ಅಪ್ಪ ಅವಳ ಭುಜದ ಮೇಲಿನಿಂದ ಇಣುಕುತ್ತಿದ್ದ.

ಅವಳು ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಫೋನನ್ನು ಕವುಚಿ ಇಟ್ಟಳು. "ತುಂಬಿಹೋಗಿದೆ. ಕಾಯೋರ ಪಟ್ಟಿಗೆ ಹಾಕಿದ್ದಾರೆ. ಹತ್ತು ದಿನದ ಹಿಂದೆ ಇತ್ತು," ಅಂದಳು.

ಅಪ್ಪನ ಕಡೆ ತಿರುಗಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ನೀರು ಕುಡಿದು, ಲೋಟ ತೊಳೆದಿಟ್ಟು, ಮಹಡಿಯ ಮೇಲಿನ ತನ್ನ ಕೋಣೆಗೆ ಹೋದಳು.

ಕ್ಯಾಂಪಸ್ಸಿನ ಹೊರಗೆ ಅವಳಿಗೆ ಸಿಕ್ಕಿದ್ದು ಒಂದು ಮನೆಯಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆ. ಬಾಡಿಗೆ ಐನೂರ ತೊಂಬತ್ತು, ಕರೆಂಟು ಇಂಟರ್ನೆಟ್ಟಿಗೆ ಅರವತ್ತು, ದೂರವಾದ್ದರಿಂದ ಬಸ್ಸಿನ ಪಾಸಿಗೆ ಇನ್ನೂ ಐವತ್ತು. ತಿಂಗಳಿಗೆ ಏಳುನೂರು. ಎರಡು ವರ್ಷಕ್ಕೆ ಮೂರು ಸಾವಿರದ ಆರುನೂರು ಡಾಲರ್ ಹೆಚ್ಚು. ವೀಸಾ ಬಂದ ದಿನ ಬಾಮೈದ ಟಿಕೆಟು ಮಾಡಿದ, ಸಾವಿರದ ತೊಂಬತ್ತು. ಅಲ್ಲಿ ಇನ್ನೂರ ನಲವತ್ತು ಹೆಚ್ಚು.

ಒಂದು ಭಾನುವಾರ ಬಾಮೈದನೂ ಸೇರಿ ನಾಲ್ವರು ಮೇಜಿನ ಸುತ್ತ ಕೂತರು. ಈ ಸಲ ರೇಟಿನ ಚೌಕಕ್ಕೆ ಯಾರೂ ನೂರಾ ಏಳು ಎನ್ನಲಿಲ್ಲ. ನೂರಾ ಹದಿನೈದೂವರೆ ಹಾಕಿ ಬಟಾಣಿ ಕೂಡಿಸಿದಳು. ಅರವತ್ತೆಂಟು ಸಾವಿರದ ಎಂಟುನೂರ ನಲವತ್ತು ಡಾಲರ್, ಎಪ್ಪತ್ತೊಂಬತ್ತೂವರೆ ಲಕ್ಷ.

"ಬ್ಯಾಂಕಿನವರು ಮನೆ ಪತ್ರದ ಮೇಲೆ ಸಾಲ ಇನ್ನು ಆರು ಲಕ್ಷ ಏರಿಸಿ ನಲವತ್ತಾರು ಮಾಡ್ತಾರಂತೆ. ಅದಕ್ಕಿಂತ ಮೇಲೆ ಇಲ್ಲ," ಅಂದ ಎಣ್ಣೆಯಣ್ಣ. "ಎಣ್ಣೆ ಇವತ್ತಿನ ಬೆಲೆಗೆ ಹದಿನಾಲ್ಕು ಲಕ್ಷ ಮೂವತ್ತೆಂಟು ಸಾವಿರದ ಐನೂರು. ಠೇವಣಿ ಹದಿನಾರು. ಒಟ್ಟು ಎಪ್ಪತ್ತಾರು ಚಿಲ್ಲರೆ. ಇನ್ನೂ ಮೂರು ಬೇಕು."

"ನಾನು ಜಾಮೀನು ನಿಲ್ತೀನಿ, ದುಡ್ಡು ಮಾತ್ರ ಕೇಳಬೇಡಿ," ಅಂದ ಬಾಮೈದ. "ನನ್ನ ಜೇಬು ನೋಡಿದ್ರೆ ನಿಮಗೇ ಅಳು ಬರುತ್ತೆ."

"ಯಾರ ಜೇಬಿಗೂ ಕೈ ಹಾಕಲ್ಲ," ಅಂದಳು ಹೆಂಡತಿ. ಆಮೇಲೆ ಮಗಳ ಕಡೆ ನೋಡಿದಳು. ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಎಣ್ಣೆಯಣ್ಣನಿಗೆ ಆ ನೋಟದಿಂದಲೇ ತಿಳಿಯಿತು.

"ಮೇಲಿನ ಕೋಣೆ ಬಾಡಿಗೆಗೆ ಕೊಡೋಣ ಅಪ್ಪ," ಅಂದಳು ಬಟಾಣಿ. "ಹೊರಗಿಂದಲೇ ಮೆಟ್ಟಿಲಿದೆ, ಬಚ್ಚಲಿದೆ. ತಿಂಗಳಿಗೆ ಹನ್ನೆರಡೂವರೆ ಸಾವಿರ ಬರುತ್ತೆ. ಎರಡು ವರ್ಷಕ್ಕೆ ಮೂರು ಲಕ್ಷ."

"ಅದು ನಿನ್ನ ಕೋಣೆ."

"ನಾನು ಇರಲ್ಲವಲ್ಲ."

"ರಜಕ್ಕೆ ಬಂದ್ರೆ?"

"ನಡುವೆ ಬರೋ ಟಿಕೆಟ್ ಈ ಲೆಕ್ಕದಲ್ಲಿ ಎಲ್ಲಿದೆ ತೋರಿಸಿ."

ಅವನು ಪರದೆಯ ಮೇಲೆ ಕಣ್ಣಾಡಿಸಿದ. ಹೋಗುವುದು ಒಂದು, ಓದು ಮುಗಿಸಿ ಬರುವುದು ಒಂದು. ನಡುವಿನದ್ದು ಇರಲಿಲ್ಲ. ಮೊದಲ ದಿನದಿಂದಲೂ ಇರಲಿಲ್ಲ. ಅವನು ಈಗ ನೋಡಿದ.

"ಇಷ್ಟಾದ್ರೂ ಹನ್ನೆರಡು ಸಾವಿರ ಚಿಲ್ಲರೆ ಕಡಿಮೆ ಬರುತ್ತೆ," ಅಂದಳು ಬಟಾಣಿ.

"ಅದಕ್ಕೆ ನಾನಿದ್ದೀನಿ," ಅಂದಳು ಅಮ್ಮ. "ನನ್ನ ಒಂದು ತಿಂಗಳ ಸಂಬಳ ಅದಕ್ಕಿಂತ ಜಾಸ್ತಿ. ಅಷ್ಟಕ್ಕೆಲ್ಲ ಮುಖ ಇಳಿಬಿಡಬೇಡಿ."

"ಡಾಲರ್ ಇನ್ನೂ ಏರಿದ್ರೆ?" ಅವನು ಕೇಳಿದ. ಕೇಳುತ್ತಾ ಕೈ ಫೋನಿನ ಕಡೆ ಹೋಗಿತ್ತು.

"ಏರಿದ್ರೆ ನಾನು ಅಲ್ಲಿ ಕೆಲಸ ಹುಡುಕ್ತೀನಿ. ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ, ಹಾಗಾಗಿ ಅದೊಂದು ಉಳಿದಿದೆ. ಅಪ್ಪ, ಫೋನ್ ಕೆಳಗಿಡಿ."

ಅವನು ಇಟ್ಟ. ಐದು ನಿಮಿಷ ಮುಟ್ಟಲಿಲ್ಲ. ಆಮೇಲೆ ನೀರು ಕುಡಿಯುವ ನೆಪ ಹೇಳಿ ಎದ್ದು ಕಿಟಕಿಯ ಬಳಿ ಹೋಗಿ ನೋಡಿಕೊಂಡು ಬಂದ.

ಹೊರಡುವ ವಾರದಲ್ಲೇ ಬಾಡಿಗೆಯವರು ಬಂದು ಕೋಣೆ ನೋಡಿದರು. ಬ್ಯಾಂಕಿನಲ್ಲೋ ಎಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಬಟಾಣಿಯೇ ಅವಳಿಗೆ ನಲ್ಲಿಯ ತಿರುಗಣೆ ಯಾವ ಕಡೆ ತಿರುಗಿಸಬೇಕು, ಕಿಟಕಿಯ ಚಿಲಕ ಹೇಗೆ ಬಿಗಿಯುತ್ತದೆ ಎಂದು ತೋರಿಸಿಕೊಟ್ಟಳು. ಎಣ್ಣೆಯಣ್ಣ ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಮಾತು ಕೇಳಿಸಿಕೊಳ್ಳುತ್ತಿದ್ದ. ಎರಡು ಸಲ ಮೇಲೆ ಹತ್ತಲು ಹೊರಟು ಹಿಂದೆ ಬಂದ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಮಗಳು ಅವನ ತೋಳು ಹಿಡಿದಳು. "ಮುಂದಿನ ಕಂತು ಬ್ಯಾಂಕಿಂದ ಹೋಗೋದು. ಕಾಗದಕ್ಕೆ ಸಹಿ ಹಾಕೋಕೆ ಕರೀತಾರೆ. ಕರೆದ ದಿನ ಹೋಗಬೇಕು ಅಪ್ಪ."

"ಹೋಗ್ತೀನಿ."

"ರೇಟು ನೋಡ್ಕೊಂಡಲ್ಲ."

"ನೋಡ್ಕೊಂಡಲ್ಲ ಮಾರಾಯ್ತಿ. ಒಳಗೆ ಹೋಗು, ಸಾಲು ಬೆಳೀತಿದೆ."

ಅವಳು ಹೋದಳು. ಮುಂದಿನ ಕಂತಿಗೆ ಬ್ಯಾಂಕಿನಿಂದ ಕರೆ ಬಂದಾಗ ಡಾಲರ್ ಎಷ್ಟಿದೆಯೆಂದು ನೋಡಿಯೇ ಅವನು ಹೊರಟ. ನೋಡದೆ ಇರಲು ಅವನಿಂದಾಗಲಿಲ್ಲ. ಆದರೆ ಕರೆದ ದಿನವೇ ಹೋದ.

ಅವನು ಕಾದದ್ದರಿಂದ ಡಾಲರಿನ ರೇಟಿನಲ್ಲಿ ಹೋದದ್ದು ನಲವತ್ತೆರಡು ಸಾವಿರದ ನಾನೂರು ರೂಪಾಯಿ, ಎಣ್ಣೆಯಲ್ಲಿ ಬಂದದ್ದು ಮೂವತ್ತೆಂಟು ಸಾವಿರದ ಐನೂರು. ಆ ಎರಡರ ನಡುವೆ ಹೋದದ್ದು ನಾಲ್ಕು ಸಾವಿರಕ್ಕೂ ಕಡಿಮೆ. ಕೋಣೆ ಮತ್ತು ವಿಮಾನದಲ್ಲಿ ಹೋದದ್ದು ನಾಲ್ಕು ಲಕ್ಷ ನಲವತ್ತು ಸಾವಿರದ ಮೇಲೆ. ಸೀಟು ಉಳಿಯಿತು. ಮಗಳಿಗೆ ಅಲ್ಲಿ ಸಿಗಬೇಕಾಗಿದ್ದ ಒಂಟಿ ಕೋಣೆ ಸಿಗಲಿಲ್ಲ, ಇಲ್ಲಿದ್ದ ಕೋಣೆಯೂ ಎರಡು ವರ್ಷಕ್ಕೆ ಬೇರೆಯವರದ್ದಾಯಿತು.